‘ಸರ್ವರ್ ಬದಲಾಯಿಸುತ್ತಿದ್ದೇವೆ, ಸೇವೆ ಇರುವುದಿಲ್ಲ’ ಎಂಬ ಇಮೇಲ್ ಬಂದರೆ ಅದರ ಅರ್ಥವೇನು?

‘ಸರ್ವರ್ ಇಲ್ಲ’ ಎಂಬ ಮಾತು ನಮಗೆ ಹೊಸದಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಿಂತಾಗ ಕೇಳಿದ್ದೇವೆ, ಪಹಣಿ ತೆಗೆಸಲು ಹೋದಾಗಲೂ ಕೇಳಿದ್ದೇವೆ. ಅವೆಲ್ಲ ಹೇಳದೆ ಕೇಳದೆ ಬರುವ ತೊಂದರೆಗಳು. ಇದಕ್ಕಿಂತ ಬೇರೆಯಾದ ಇನ್ನೊಂದು ಬಗೆ ಇದೆ. ‘ಇಂಥ ದಿನ, ಇಂಥ ಹೊತ್ತಿನಲ್ಲಿ ನಾವೇ ಸೇವೆ ನಿಲ್ಲಿಸುತ್ತೇವೆ’ ಎಂದು ಮೊದಲೇ ತಿಳಿಸಿ ಬಾಗಿಲು ಹಾಕುವುದು. ಇದು ಯಂತ್ರ ಕೆಟ್ಟದ್ದಲ್ಲ, ಬೇಕೆಂದೇ ಮಾಡುವ ಕೆಲಸ. ಆದರೆ ಆ ಸೂಚನೆಯನ್ನು ಅರ್ಥವಾಗದ ಹಾಗೆ ಬರೆದರೆ ಅದು ಮೂರು ಗ್ರೂಪ್ ದಾಟುವಷ್ಟರಲ್ಲಿ ‘ಹ್ಯಾಕ್ ಆಗಿದೆಯಂತೆ, ಡೇಟಾ ಎಲ್ಲ ಹೋಗುತ್ತದಂತೆ’ ಎಂಬ ಫಾರ್ವರ್ಡ್ ಆಗಿಬಿಡುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ದಾವಣಗೆರೆಯಲ್ಲಿ ಒಂದು ರಕ್ತ ಪರೀಕ್ಷೆಯ ಲ್ಯಾಬ್ ಇದೆ ಎಂದುಕೊಳ್ಳಿ. ರೋಗಿಗಳ ಹೆಸರನ್ನು ಅಲ್ಲಿ ಕಂಪ್ಯೂಟರ್‌ನಲ್ಲಿ ನೋಂದಾಯಿಸುತ್ತಾರೆ. ವರದಿ ಸಿದ್ಧವಾದಾಗ ಮೊಬೈಲ್‌ಗೆ ಎಸ್‌ಎಂಎಸ್ ಬರುತ್ತದೆ, ವೆಬ್‌ಸೈಟ್‌ನಿಂದ ಡೌನ್‌ಲೋಡ್ ಮಾಡಿಕೊಳ್ಳಬಹುದು. ಈ ವೆಬ್‌ಸೈಟ್ ನೋಡಿಕೊಳ್ಳುವ ಹುಡುಗ ಲ್ಯಾಬ್ ನಡೆಸುವ ಡಾಕ್ಟರಿಗೆ ಹೀಗೊಂದು ಇಮೇಲ್ ಕಳಿಸುತ್ತಾನೆ:

“ಡೇಟಾಬೇಸ್ ಮೈಗ್ರೇಷನ್ ಹಾಗೂ ಡಿಎನ್‌ಎಸ್ ಕಟ್‌ಓವರ್ ಕಾರಣ 15-03-2026ರಂದು 02:00ರಿಂದ 06:00 ಯುಟಿಸಿವರೆಗೆ ಡೌನ್‌ಟೈಮ್ ಇರುತ್ತದೆ. ಡಿಎನ್‌ಎಸ್ ಪ್ರಾಪಗೇಷನ್‌ಗೆ 24ರಿಂದ 48 ಗಂಟೆ ಬೇಕಾಗಬಹುದು. ಅನಾನುಕೂಲತೆಗೆ ವಿಷಾದಿಸುತ್ತೇವೆ.”

ಇದರಲ್ಲಿ ಸುಳ್ಳೇನೂ ಇಲ್ಲ. ಆದರೂ ಇದನ್ನು ನಂಬಿ ನಡೆದರೆ ಭಾನುವಾರ ಬೆಳಗ್ಗೆ ಲ್ಯಾಬ್ ಮುಂದೆ ಗಲಾಟೆ ಖಂಡಿತ. ಡಾಕ್ಟರು ‘02:00ರಿಂದ 06:00’ ಎಂಬುದನ್ನು ನೋಡಿ, ರಾತ್ರಿ ಎರಡರಿಂದ ಬೆಳಗ್ಗೆ ಆರು, ನಮಗೇನೂ ತೊಂದರೆ ಇಲ್ಲ ಎಂದುಕೊಳ್ಳುತ್ತಾರೆ. ಯುಟಿಸಿ ಎಂದರೆ ಜಗತ್ತಿಗೆಲ್ಲ ಒಂದೇ ಆಗಿರುವ ಗಡಿಯಾರದ ಲೆಕ್ಕ. ನಮ್ಮ ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಹಾಗಾಗಿ ಆ 02:00 ನಮಗೆ ಬೆಳಗ್ಗೆ 7:30, ಆ 06:00 ನಮಗೆ 11:30. ಖಾಲಿ ಹೊಟ್ಟೆಯಲ್ಲಿ ಶುಗರ್ ಟೆಸ್ಟ್‌ಗೆ ಬಂದವರು ಸಾಲು ನಿಲ್ಲುವ ಹೊತ್ತು ಅದೇ! ಸರ್ವರ್ ಬಾಡಿಗೆಗೆ ಕೊಡುವ ಹೊರದೇಶದ ಕಂಪನಿಗಳ ಸೂಚನೆಗಳು ಹೆಚ್ಚಾಗಿ ಯುಟಿಸಿಯಲ್ಲೇ ಬರುತ್ತವೆ. ಅದನ್ನು ಹಾಗೇ ನಕಲು ಮಾಡಿ ಮುಂದೆ ಕಳಿಸಿದಾಗ ಈ ಎಡವಟ್ಟು ಆಗುತ್ತದೆ.

ಸೇವೆ ನಿಲ್ಲಿಸಲೇಬೇಕಾ?

ಸರ್ವರ್ ಎಂದರೆ ಯಾವಾಗಲೂ ಚಾಲೂ ಇರುವ ಒಂದು ಕಂಪ್ಯೂಟರ್, ಅಷ್ಟೇ. ಅದು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಸಿಂಗಾಪುರದಲ್ಲೋ ಇರಬಹುದು. ಅದು ಹಳೆಯದಾದಾಗ, ಜಾಗ ಸಾಲದಾದಾಗ, ಬಾಡಿಗೆ ದುಬಾರಿಯಾದಾಗ ಅದರೊಳಗಿನದ್ದನ್ನೆಲ್ಲ ಇನ್ನೊಂದು ಕಂಪ್ಯೂಟರ್‌ಗೆ ಸಾಗಿಸುತ್ತಾರೆ. ಇದನ್ನೇ ‘ಸರ್ವರ್ ಮೈಗ್ರೇಷನ್’ ಎನ್ನುವುದು. ‘ನಕಲು ಮಾಡುವುದಕ್ಕೆ ಬಾಗಿಲು ಯಾಕೆ ಹಾಕಬೇಕು? ನನ್ನ ಮೊಬೈಲ್‌ನಿಂದ ಫೋಟೊ ಕಾಪಿ ಮಾಡುವಾಗ ಮೊಬೈಲ್ ಆಫ್ ಮಾಡುತ್ತೇನೆಯೇ?’ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಹಳೆಯ ಪುಸ್ತಕ ತುಂಬಿದೆ, ಹೊಸದಕ್ಕೆ ಲೆಕ್ಕ ಇಳಿಸಬೇಕು. ಮಗ ಕೂತು ಮೊದಲ ಪುಟದಿಂದ ನಕಲು ಮಾಡುತ್ತಾ 40ನೇ ಪುಟಕ್ಕೆ ಬಂದಿದ್ದಾನೆ. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು 500 ರೂಪಾಯಿ ಬಾಕಿ ಕಟ್ಟುತ್ತಾರೆ. ಅಪ್ಪ ಹಳೆಯ ಪುಸ್ತಕದ 12ನೇ ಪುಟದಲ್ಲಿ ಜಮಾ ಬರೆಯುತ್ತಾರೆ. ಮಗ ಆ ಪುಟ ಮುಗಿಸಿ ಮುಂದೆ ಹೋಗಿ ಗಂಟೆಯಾಗಿದೆ. ಮರುದಿನ ಹೊಸ ಪುಸ್ತಕದಲ್ಲಿ ಆ ಗಿರಾಕಿ ಇನ್ನೂ ಸಾಲಗಾರ. ಕಟ್ಟಿದ ದುಡ್ಡು ಎಲ್ಲೂ ಕಳುವಾಗಿಲ್ಲ, ಆದರೆ ಲೆಕ್ಕದಲ್ಲಿ ಇಲ್ಲ.

ಲ್ಯಾಬ್‌ನಲ್ಲೂ ಇದೇ. ನಕಲು ನಡೆಯುವಾಗ ಹೊಸ ರೋಗಿಯ ಹೆಸರು ಹಳೆಯ ಕಂಪ್ಯೂಟರ್‌ಗೆ ಸೇರಿದರೆ, ಹೊಸ ಕಂಪ್ಯೂಟರ್‌ನಲ್ಲಿ ಆ ರೋಗಿ ಇರುವುದೇ ಇಲ್ಲ. ಹಾಗಾಗಿ ನಿಲ್ಲಿಸಬೇಕಾದದ್ದು ಮುಖ್ಯವಾಗಿ ಬರೆಯುವುದನ್ನು. ಓದುವುದಕ್ಕೆ ಬಿಟ್ಟರೂ ನಡೆಯುತ್ತದೆ. ಇಷ್ಟು ಗೊತ್ತಾದರೆ ‘ಸೇವೆ ಇಲ್ಲ’ ಎಂಬ ಒಂದೇ ಮಾತಿನ ಬದಲು, ‘ಹಳೆಯ ವರದಿ ನೋಡಬಹುದು, ಹೊಸದಾಗಿ ನೋಂದಾಯಿಸಲು ಆಗದು’ ಎಂದು ಇಮೇಲ್‌ನಲ್ಲಿ ಬಿಡಿಸಿ ಬರೆಯಬಹುದು. (ಒಂದು ಕ್ಷಣವೂ ನಿಲ್ಲಿಸದೆ ಸಾಗಿಸುವ ವಿಧಾನಗಳೂ ಇವೆ. ಎರಡೂ ಕಂಪ್ಯೂಟರ್‌ಗಳನ್ನು ಕೆಲವು ದಿನ ಜೊತೆಜೊತೆಗೆ ನಡೆಸಬೇಕಾಗುತ್ತದೆ. ಖರ್ಚೂ ಹೆಚ್ಚು, ತಪ್ಪಾಗುವ ಜಾಗಗಳೂ ಹೆಚ್ಚು. ಚಿಕ್ಕ ಲ್ಯಾಬ್‌ಗೆ ಒಂದು ರಾತ್ರಿ ಬಾಗಿಲು ಹಾಕುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ.)

ಇಡೀ ರಾತ್ರಿ ಯಾಕೆ?

ಲ್ಯಾಬ್‌ನ ಹಳೆಯ ವರದಿಗಳೆಲ್ಲ ಸೇರಿ 60 ಜಿಬಿ ಇವೆ ಎಂದುಕೊಳ್ಳಿ. ಸೆಕೆಂಡಿಗೆ 20 ಎಂಬಿ ವೇಗದಲ್ಲಿ ಸಾಗಿಸಿದರೆ ಸುಮಾರು 50 ನಿಮಿಷ ಸಾಕು. ಅದನ್ನೂ ಆ ರಾತ್ರಿಯೇ ಮಾಡಬೇಕಾಗಿಲ್ಲ. ಕಳೆದ ವರ್ಷದ ವರದಿ ಇನ್ನು ಬದಲಾಗುವುದಿಲ್ಲವಲ್ಲ, ಅದನ್ನು ಎರಡು ಮೂರು ದಿನ ಮೊದಲೇ ಸದ್ದಿಲ್ಲದೆ ಸಾಗಿಸಿಟ್ಟಿರುತ್ತಾರೆ. ಬಾಗಿಲು ಹಾಕಿದ ಮೇಲೆ ಉಳಿಯುವುದು ಕೊನೆಯ ದಿನಗಳ ವರದಿಗಳು ಮತ್ತು ದಿನವೂ ತಿದ್ದುಪಡಿಯಾಗುವ ಹೆಸರು, ಬಿಲ್ಲುಗಳ ಪಟ್ಟಿ. ಅರ್ಧ ಗಂಟೆಯ ಕೆಲಸ.

ಉಳಿದ ಹೊತ್ತು ಪರೀಕ್ಷೆಗೆ ಬೇಕು. ಹಳೆಯದರಲ್ಲಿ ಎಷ್ಟು ರೋಗಿಗಳಿದ್ದಾರೋ ಹೊಸದರಲ್ಲೂ ಅಷ್ಟೇ ಇದ್ದಾರೆಯೇ ಎಂದು ಎಣಿಸಿ ತಾಳೆ ನೋಡಬೇಕು. ಹತ್ತಾರು ಹಳೆಯ ವರದಿ ತೆರೆದು ನೋಡಬೇಕು. ಇಲ್ಲಿ ಕನ್ನಡದವರಿಗೆ ವಿಶೇಷವಾಗಿ ಕಾಡುವ ಒಂದು ತೊಂದರೆ ಇದೆ. ಹೊಸ ಕಂಪ್ಯೂಟರ್‌ನಲ್ಲಿ ಅಕ್ಷರಗಳನ್ನು ಉಳಿಸಿಡುವ ಪದ್ಧತಿಯನ್ನು ಸರಿಯಾಗಿ ಹೊಂದಿಸದಿದ್ದರೆ ಇಂಗ್ಲಿಷ್ ಹೆಸರುಗಳೆಲ್ಲ ಚೆನ್ನಾಗಿ ಕಾಣುತ್ತವೆ, ಕನ್ನಡದ ಹೆಸರುಗಳಿದ್ದ ಜಾಗದಲ್ಲಿ ಮಾತ್ರ ???? ಎಂಬ ಪ್ರಶ್ನೆ ಚಿಹ್ನೆಗಳು ಬರುತ್ತವೆ. ಇಂಗ್ಲಿಷ್ ಮಾತ್ರ ನೋಡಿ ‘ಎಲ್ಲ ಸರಿ ಇದೆ’ ಎಂದು ಮಲಗಿದವರಿಗೆ ಇದು ಬೆಳಗ್ಗೆಯವರೆಗೆ ಗೊತ್ತಾಗುವುದಿಲ್ಲ.

ಗಡಿಯಾರವೂ ಹೀಗೆ ಮೋಸ ಮಾಡುತ್ತದೆ. ಹೊಸ ಕಂಪ್ಯೂಟರ್ ಯುಟಿಸಿ ಸಮಯದಲ್ಲೇ ಇದ್ದುಬಿಟ್ಟರೆ ಬೆಳಗ್ಗೆ 8ಕ್ಕೆ ತೆಗೆದ ರಕ್ತದ ಮಾದರಿಗೆ ವರದಿಯಲ್ಲಿ ನಸುಕಿನ 2:30 ಎಂದು ಬೀಳಬಹುದು. ಊಟಕ್ಕೆ ಮೊದಲೋ ನಂತರವೋ ಎಂಬುದು ಮುಖ್ಯವಾಗಿರುವ ಪರೀಕ್ಷೆಯಲ್ಲಿ ಇದು ಸಣ್ಣ ತಪ್ಪಲ್ಲ. ಇನ್ನು ಎಸ್‌ಎಂಎಸ್ ವಿಚಾರ. ಎಸ್‌ಎಂಎಸ್ ಕಳಿಸಿಕೊಡುವ ಎಷ್ಟೋ ಕಂಪನಿಗಳು ಮೊದಲೇ ಗುರುತು ಹಿಡಿದಿಟ್ಟ ಕಂಪ್ಯೂಟರ್‌ನಿಂದ ಬಂದ ಕೋರಿಕೆಯನ್ನು ಮಾತ್ರ ಒಪ್ಪುತ್ತವೆ. ಹೊಸ ಕಂಪ್ಯೂಟರ್‌ನ ವಿಳಾಸವನ್ನು ಅವರಿಗೆ ತಿಳಿಸಲು ಮರೆತರೆ ವೆಬ್‌ಸೈಟ್ ಚೆನ್ನಾಗಿಯೇ ನಡೆಯುತ್ತದೆ, ವರದಿಯೂ ಸಿದ್ಧವಾಗುತ್ತದೆ, ರೋಗಿಗೆ ಮಾತ್ರ ಸಂದೇಶ ಹೋಗುವುದಿಲ್ಲ.

24ರಿಂದ 48 ಗಂಟೆ ಎಂಬ ಗಾಬರಿ

ಇಂಥ ಇಮೇಲ್‌ಗಳಲ್ಲಿ ಜನ ತಪ್ಪಾಗಿ ಓದುವ ಮಾತು ಇದೇ. ಎರಡು ದಿನ ಸೇವೆ ಇಲ್ಲ ಎಂದು ಇದರ ಅರ್ಥವಲ್ಲ. ವೆಬ್‌ಸೈಟ್‌ನ ಹೆಸರು ಮನೆಯ ಯಜಮಾನರ ಹೆಸರಿದ್ದ ಹಾಗೆ, ಕಂಪ್ಯೂಟರ್‌ನ ಅಂಕಿಯ ವಿಳಾಸ ಮನೆ ನಂಬರ್ ಇದ್ದ ಹಾಗೆ. ನಿಮ್ಮ ಫೋನ್ ಹೆಸರು ಹೇಳಿ ನಂಬರ್ ಕೇಳುತ್ತದೆ. ಪ್ರತಿ ಸಲ ಕೇಳುವ ಬದಲು ಸಿಕ್ಕ ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಇಂಟರ್‌ನೆಟ್ ಕೊಡುವ ಕಂಪನಿಯೂ ನೆನಪಿಟ್ಟುಕೊಂಡಿರುತ್ತದೆ. ಎಷ್ಟು ಹೊತ್ತು ಎಂಬುದನ್ನು ವೆಬ್‌ಸೈಟ್‌ನವರೇ ಗೊತ್ತುಮಾಡಿರುತ್ತಾರೆ. ಅದು 24 ಗಂಟೆ ಎಂದಿದ್ದರೆ, ಮನೆ ಬದಲಾಯಿಸಿದ ಮೇಲೂ ಒಂದು ದಿನ ಕೆಲವರು ಹಳೆಯ ಮನೆಯ ಬಾಗಿಲು ತಟ್ಟುತ್ತಿರುತ್ತಾರೆ.

ಬುದ್ಧಿವಂತರು ಇದನ್ನು ಎರಡು ದಿನ ಮೊದಲೇ 5 ನಿಮಿಷಕ್ಕೆ ಇಳಿಸಿರುತ್ತಾರೆ. ಆಗ ಬಹುತೇಕ ಎಲ್ಲರೂ ಬೇಗ ಹೊಸ ಮನೆಗೆ ಬರುತ್ತಾರೆ. ಕೊನೆಯ ಗಳಿಗೆಯಲ್ಲಿ ಇಳಿಸಿದರೆ ಪ್ರಯೋಜನವಿಲ್ಲ, ಹಿಂದಿನ ದಿನ ಸಿಕ್ಕ ಉತ್ತರವನ್ನು 24 ಗಂಟೆ ನೆನಪಿಟ್ಟುಕೊಂಡವರು ಹಾಗೇ ಇರುತ್ತಾರೆ. ಹೀಗೆ ಹಿಂದೆ ಉಳಿದವರಿಗಾಗಿ ಹಳೆಯ ಮನೆಯ ಮೇಲೆ ‘ಮುಚ್ಚಿದೆ’ ಎಂಬ ಬೋರ್ಡು ಇರಲೇಬೇಕು. ಇಲ್ಲದಿದ್ದರೆ ಅವರು ಹಳೆಯ ಉದ್ರಿ ಪುಸ್ತಕದಲ್ಲೇ ಬರೆದು ಹೋಗುತ್ತಾರೆ.

ಅದೇ ಇಮೇಲ್, ಇನ್ನೊಮ್ಮೆ

ಇಷ್ಟೆಲ್ಲ ತಾಂತ್ರಿಕ ಸಂಗತಿ ಡಾಕ್ಟರಿಗೆ ಬೇಕಾಗಿಲ್ಲ. ಅವರು ಯಾರನ್ನು ಯಾವಾಗ ಕೆಲಸಕ್ಕೆ ಕರೆಯಬೇಕು, ಯಾವ ರೋಗಿಗೆ ಏನು ಹೇಳಬೇಕು ಎಂಬುದಷ್ಟೇ ಬೇಕು. ವೆಬ್‌ಸೈಟ್ ಹುಡುಗ ಸೇವೆ ನಿಲ್ಲಿಸುವ ಹೊತ್ತನ್ನು ಹಿಂದಿನ ರಾತ್ರಿಗೆ ತಂದು ಹೀಗೆ ಬರೆಯಬಹುದಿತ್ತು:

“ವಿಷಯ: ಮಾರ್ಚ್ 14, ಶನಿವಾರ ರಾತ್ರಿ 11ರಿಂದ ಭಾನುವಾರ ಬೆಳಗ್ಗೆ 5ರವರೆಗೆ ಲ್ಯಾಬ್ ವೆಬ್‌ಸೈಟ್ ಇರುವುದಿಲ್ಲ

ನಮಸ್ಕಾರ ಮೇಡಂ,

ಲ್ಯಾಬ್‌ನ ವೆಬ್‌ಸೈಟ್ ಈಗಿರುವ ಕಂಪ್ಯೂಟರ್‌ನಲ್ಲಿ ಜಾಗ ಸಾಲುತ್ತಿಲ್ಲ. ಅದನ್ನು ಹೊಸ, ದೊಡ್ಡ ಕಂಪ್ಯೂಟರ್‌ಗೆ ಸಾಗಿಸುತ್ತಿದ್ದೇವೆ. ಇದಕ್ಕಾಗಿ 2026ರ ಮಾರ್ಚ್ 14, ಶನಿವಾರ ರಾತ್ರಿ 11 ಗಂಟೆಯಿಂದ ಮಾರ್ಚ್ 15, ಭಾನುವಾರ ಬೆಳಗ್ಗೆ 5 ಗಂಟೆಯವರೆಗೆ (ಭಾರತದ ಸಮಯ) ಹೊಸ ರೋಗಿಗಳನ್ನು ನೋಂದಾಯಿಸಲು, ಬಿಲ್ ಮಾಡಲು, ವರದಿ ಡೌನ್‌ಲೋಡ್ ಮಾಡಲು ಆಗುವುದಿಲ್ಲ. ಆನ್‌ಲೈನ್ ಪಾವತಿಯನ್ನು ಅರ್ಧ ಗಂಟೆ ಮೊದಲೇ, 10:30ಕ್ಕೆ ನಿಲ್ಲಿಸುತ್ತೇವೆ.

ಲ್ಯಾಬ್‌ನ ಯಂತ್ರಗಳು ಮತ್ತು ಫೋನ್ ಎಂದಿನಂತೆ ನಡೆಯುತ್ತವೆ. ಲ್ಯಾಬ್ ಹೆಸರಿನ ಇಮೇಲ್‌ಗಳು ಆ ರಾತ್ರಿ ತಡವಾಗಿ ಬರಬಹುದು.

ನಿಮ್ಮಿಂದ ಎರಡು ಸಹಾಯ ಬೇಕು. ಶನಿವಾರ ರಾತ್ರಿ 10:30ರೊಳಗೆ ಕೊಡಬೇಕಾದ ವರದಿಗಳನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ರಾತ್ರಿ ತುರ್ತು ಸ್ಯಾಂಪಲ್ ಬಂದರೆ ಸಿಬ್ಬಂದಿ ರಿಜಿಸ್ಟರ್‌ನಲ್ಲಿ ಬರೆದಿಟ್ಟು, ನಾವು ತಿಳಿಸಿದ ಮೇಲೆ ಕಂಪ್ಯೂಟರ್‌ಗೆ ಸೇರಿಸಲಿ.

ಬೆಳಗಿನ ಜಾವ 3 ಗಂಟೆಯೊಳಗೆ ಎಲ್ಲವೂ ಸರಿಹೋಗದಿದ್ದರೆ ಹಳೆಯ ಕಂಪ್ಯೂಟರನ್ನೇ ಮತ್ತೆ ಚಾಲೂ ಮಾಡುತ್ತೇವೆ. ಎರಡರಲ್ಲಿ ಯಾವುದೇ ಆದರೂ ಭಾನುವಾರ ಬೆಳಗ್ಗೆ 5 ಗಂಟೆಗೆ ನಿಮಗೆ ಎಸ್‌ಎಂಎಸ್ ಮಾಡುತ್ತೇನೆ. ಹಳೆಯ ಕಂಪ್ಯೂಟರ್‌ನಲ್ಲಿರುವುದನ್ನು 15 ದಿನ ಅಳಿಸುವುದಿಲ್ಲ.

ಪಾಸ್‌ವರ್ಡ್ ಬದಲಾಗುವುದಿಲ್ಲ. ಈ ಕೆಲಸಕ್ಕಾಗಿ ಯಾರೂ ನಿಮ್ಮಿಂದ ಪಾಸ್‌ವರ್ಡ್, ಒಟಿಪಿ ಕೇಳುವುದಿಲ್ಲ. ಭಾನುವಾರ ಯಾರಿಗಾದರೂ ‘ಮುಚ್ಚಿದೆ’ ಎಂದೇ ಕಾಣುತ್ತಿದ್ದರೆ ಫೋನನ್ನು ಒಮ್ಮೆ ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆಯಲು ಹೇಳಿ. ಆಗಲೂ ಬಾರದಿದ್ದರೆ ನನಗೆ ಫೋನ್ ಮಾಡಿ.”

ಈ ಪತ್ರದಲ್ಲಿ ಕಷ್ಟದ ಪದ ಒಂದೂ ಇಲ್ಲ, ಮೊದಲಿನದ್ದಕ್ಕಿಂತ ಮಾಹಿತಿ ಮಾತ್ರ ಹೆಚ್ಚೇ ಇದೆ. ದಿನದ ಹೆಸರು, ತಾರೀಕು, ವರ್ಷ ಮೂರೂ ಇವೆ. ‘ಶನಿವಾರ ರಾತ್ರಿ 12’ ಎಂದು ಬರೆದಿಲ್ಲ, ಏಕೆಂದರೆ ಅದು ಶುಕ್ರವಾರ ಮುಗಿಯುವ 12ರೋ ಶನಿವಾರ ಮುಗಿಯುವ 12ರೋ ಎಂದು ಇಬ್ಬರು ಎರಡು ರೀತಿ ಓದುತ್ತಾರೆ. ಇಮೇಲ್ ತಡವಾಗುತ್ತದೆ ಎಂದಿದ್ದಾನೆ, ಕಳೆದುಹೋಗುತ್ತದೆ ಎಂದಿಲ್ಲ. ಅದೂ ಸರಿಯೇ. ತಲುಪಬೇಕಾದ ಕಂಪ್ಯೂಟರ್ ಉತ್ತರ ಕೊಡದಿದ್ದರೆ, ಕಳಿಸಿದ ಕಡೆಯ ಕಂಪ್ಯೂಟರ್ ಆ ಇಮೇಲನ್ನು ತನ್ನಲ್ಲೇ ಇಟ್ಟುಕೊಂಡು ಸಾಮಾನ್ಯವಾಗಿ ಕೆಲವು ದಿನಗಳವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆರು ಗಂಟೆ ಅದಕ್ಕೆ ಲೆಕ್ಕವೇ ಅಲ್ಲ.

ನನಗೆ ಮುಖ್ಯವಾಗಿ ಕಾಣುವುದು ‘3 ಗಂಟೆಯೊಳಗೆ’ ಎಂಬ ಸಾಲು. ಹಿಂದಕ್ಕೆ ಹೋಗುವ ದಾರಿ ಬಾಗಿಲು ತೆರೆಯುವವರೆಗೆ ಮಾತ್ರ ಸುಲಭ. ಬೆಳಗ್ಗೆ ತೆರೆದು, ಹೊಸ ಕಂಪ್ಯೂಟರ್‌ನಲ್ಲಿ ಐವತ್ತು ರೋಗಿಗಳ ಹೆಸರು ಸೇರಿದ ಮೇಲೆ ಹಳೆಯದಕ್ಕೆ ಮರಳಿದರೆ ಆ ಐವತ್ತು ಹೆಸರು ಅಲ್ಲಿ ಇರುವುದಿಲ್ಲ. ಅದಕ್ಕೇ ನಿರ್ಧಾರದ ಗಳಿಗೆಯನ್ನು ಮೊದಲೇ ಗೊತ್ತುಮಾಡಿ, ಹಿಂದಿರುಗಲು ಎರಡು ಗಂಟೆ ಉಳಿಸಿಕೊಂಡಿದ್ದಾನೆ.

ದೊಡ್ಡವರಲ್ಲಿ ಏನಾಯಿತು?

ಈ ಹಂತದಲ್ಲಿ ಎಡವಿದವರಲ್ಲಿ ಬ್ರಿಟನ್‌ನ ಟಿಎಸ್‌ಬಿ ಬ್ಯಾಂಕ್ ಹೆಸರಾದದ್ದು. 2018ರ ಏಪ್ರಿಲ್‌ನಲ್ಲಿ ಅದು ಸುಮಾರು 50 ಲಕ್ಷ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಕೆಲವು ಸೇವೆ ಇರುವುದಿಲ್ಲ ಎಂದು ಮೊದಲೇ ತಿಳಿಸಿತ್ತು. ಖಾತೆಗಳ ಮಾಹಿತಿ ಸರಿಯಾಗಿಯೇ ಹೊಸ ಜಾಗ ತಲುಪಿತು. ಆದರೆ ಬಾಗಿಲು ತೆರೆದ ಕೂಡಲೇ ಹೊಸ ವ್ಯವಸ್ಥೆಯೇ ಎಡವಿತು. ಲಕ್ಷಾಂತರ ಜನರಿಗೆ ತಮ್ಮ ಖಾತೆ ತೆರೆಯಲಾಗಲಿಲ್ಲ, ಕೆಲವರಿಗೆ ಬೇರೆಯವರ ಖಾತೆಯ ವಿವರ ಕಂಡಿತು. ಎಲ್ಲವೂ ಮೊದಲಿನಂತಾಗಲು ಡಿಸೆಂಬರ್ ಬಂತು. 2022ರಲ್ಲಿ ಅಲ್ಲಿನ ನಿಯಂತ್ರಕರು ಬ್ಯಾಂಕಿಗೆ 4.8 ಕೋಟಿ ಪೌಂಡ್‌ಗಿಂತ ಹೆಚ್ಚು ದಂಡ ಹಾಕಿದರು. ಸಾಗಿಸುವುದು ಸರಿಯಾಗಿ ಮುಗಿದರೂ ಸೇವೆ ಸರಿಯಾಗಿ ನಡೆಯುತ್ತದೆ ಎಂಬ ಖಾತರಿ ಇಲ್ಲ, ಹಾಗಾಗಿ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.

ನಮ್ಮಲ್ಲೇ ಆದ ಇನ್ನೊಂದು ಉದಾಹರಣೆ ಎಚ್‌ಡಿಎಫ್‌ಸಿ ಬ್ಯಾಂಕಿನದು. 2024ರ ಜುಲೈ 13ರಂದು ಬೆಳಗಿನ ಜಾವ 3ರಿಂದ ಸಂಜೆ 4:30ರವರೆಗೆ ಅದು ತನ್ನ ಮುಖ್ಯ ವ್ಯವಸ್ಥೆಯನ್ನು ಹೊಸದಕ್ಕೆ ಬದಲಾಯಿಸಿತು. ಹದಿಮೂರೂವರೆ ಗಂಟೆ! ಅಂದು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಹಾಗೆಂದು ಸೂಚನೆಯಲ್ಲಿ ‘ಏನೂ ಸಿಗುವುದಿಲ್ಲ’ ಎಂದಿರಲಿಲ್ಲ. ಯುಪಿಐ ನಸುಕಿನ 3ರಿಂದ 3:45ರವರೆಗೆ ಮತ್ತು ಬೆಳಗ್ಗೆ 9:30ರಿಂದ ಮಧ್ಯಾಹ್ನ 12:45ರವರೆಗೆ ಮಾತ್ರ ಇರುವುದಿಲ್ಲ ಎಂದು ಸೇವೆವಾರು ಬಿಡಿಸಿ ಹೇಳಿತ್ತು. ಇಂಥ ಪಟ್ಟಿಯನ್ನು ಒಂದೇ ಸಾಲಿಗೆ ಇಳಿಸಿ ‘ನಾಳೆ ಬ್ಯಾಂಕ್ ಬಂದ್’ ಎಂದು ಫಾರ್ವರ್ಡ್ ಮಾಡಿದರೆ ಅಗತ್ಯವಾದ ಭಾಗವೇ ಬಿಟ್ಟುಹೋಗುತ್ತದೆ.

ನಿಮ್ಮ ಫೋನಿಗೆ ಇಂಥದ್ದು ಬಂದರೆ

ಮೊದಲು ವರ್ಷ ನೋಡಿ. ‘ಜುಲೈ 13ರಂದು ಸೇವೆ ಇಲ್ಲ’ ಎಂದಷ್ಟೇ ಬರೆದ ಪೋಸ್ಟರ್ ಮುಂದಿನ ಜುಲೈನಲ್ಲೂ ಹೊಸದಾಗಿಯೇ ಕಾಣುತ್ತದೆ. ಆ ತಾರೀಕು ಯಾವ ವಾರ ಬರುತ್ತದೆ ಎಂದು ಕ್ಯಾಲೆಂಡರ್‌ನಲ್ಲಿ ತಾಳೆ ನೋಡಿದರೆ ಹಳೆಯದು ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. 2024ರ ಜುಲೈ 13 ಶನಿವಾರ, 2025ರಲ್ಲಿ ಅದು ಭಾನುವಾರ.

ಆಮೇಲೆ, ಆ ಸಂದೇಶ ನಿಮ್ಮಿಂದ ಏನಾದರೂ ಕೇಳುತ್ತಿದೆಯೇ ನೋಡಿ. ಕಂಪ್ಯೂಟರ್ ಬದಲಾಯಿಸುವವರ ಕೈಯಲ್ಲಿ ನಿಮ್ಮ ಮಾಹಿತಿ ಈಗಾಗಲೇ ಇದೆ. ಅದನ್ನು ಸಾಗಿಸಲು ನಿಮ್ಮ ಒಟಿಪಿ, ಪಿನ್, ಆಧಾರ್ ನಂಬರ್ ಯಾವುದೂ ಬೇಕಾಗುವುದಿಲ್ಲ. ‘ಸರ್ವರ್ ಬದಲಾಗುತ್ತಿದೆ, ಖಾತೆ ಉಳಿಸಿಕೊಳ್ಳಲು ಈ ಲಿಂಕ್ ಒತ್ತಿ’ ಎಂದಿದ್ದರೆ ಅದು ವಂಚನೆ ಎಂದೇ ತಿಳಿಯಿರಿ. ಕೆಲವೊಮ್ಮೆ ಹೊಸ ವ್ಯವಸ್ಥೆಗೆ ಹೋದ ಮೇಲೆ ನಿಜವಾಗಿಯೂ ಪಾಸ್‌ವರ್ಡ್ ಹೊಸದಾಗಿ ಇಡಬೇಕಾಗುತ್ತದೆ. ಆಗಲೂ ಸಂದೇಶದಲ್ಲಿರುವ ಲಿಂಕ್ ಬಿಡಿ. ನೀವು ಎಂದಿನಂತೆ ಬಳಸುವ ಆ್ಯಪ್ ತೆರೆಯಿರಿ, ಅಥವಾ ವೆಬ್‌ಸೈಟ್ ಹೆಸರನ್ನು ನೀವೇ ಟೈಪ್ ಮಾಡಿ ಒಳಹೋಗಿ. ಬದಲಾಯಿಸಲೇಬೇಕಿದ್ದರೆ ಅಲ್ಲೇ ಕೇಳುತ್ತದೆ.

ಸೇವೆ ಮತ್ತೆ ಶುರುವಾದ ದಿನ ಒಂದೆರಡು ನಿಮಿಷ ಬಿಡುವು ಮಾಡಿಕೊಂಡು ನಿಮ್ಮದನ್ನು ನೀವೇ ನೋಡಿಕೊಳ್ಳುವುದು ಒಳ್ಳೆಯದು. ಬಾಗಿಲು ಹಾಕುವ ಸ್ವಲ್ಪ ಮೊದಲು ನೀವು ಮಾಡಿದ ಕೊನೆಯ ವ್ಯವಹಾರ ಹೊಸದರಲ್ಲೂ ಇದೆಯೇ, ಕನ್ನಡದ ಹೆಸರು ಸರಿಯಾಗಿ ಕಾಣುತ್ತಿದೆಯೇ, ಸಮಯ ಐದೂವರೆ ಗಂಟೆ ಹಿಂದೆ ಬಿದ್ದಿದೆಯೇ ಎಂದು ನೋಡಿ. ಏನಾದರೂ ತಪ್ಪಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಅದೇ ವಾರ ತಿಳಿಸಿ. ನಮ್ಮ ಲ್ಯಾಬ್‌ನ ಲೆಕ್ಕದಲ್ಲಾದರೆ, 15 ದಿನ ಕಳೆದ ಮೇಲೆ ತಾಳೆ ನೋಡಲು ಹಳೆಯ ಪುಸ್ತಕ ಇರುವುದಿಲ್ಲ.